ಕೆಲಸ ಬಿಡುವವರನ್ನು ಯಾವಾಗ ಕೇಳಬೇಕು, ಯಾರು ಕೇಳಬೇಕು, ಏನು ಕೇಳಬೇಕು

ಪೀಣ್ಯದ ಒಂದು ಸಿಎನ್‌ಸಿ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತಿದ್ದಾಗ ಒಂದೇ ವರ್ಷದಲ್ಲಿ 17 ಜನ ಕೆಲಸ ಬಿಟ್ಟರು. ಒಟ್ಟು ಇದ್ದದ್ದೇ ಸುಮಾರು 120 ಮಂದಿ. ಮೂವರು ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದ್ದರು. ಉಳಿದ 14 ಜನ ಎಕ್ಸಿಟ್ ಫಾರ್ಮ್ ತುಂಬಿ ಹೋಗಿದ್ದರು. ಅದರಲ್ಲಿ 11 ಜನ ‘ಹೆಚ್ಚಿನ ಸಂಬಳ’ ಎಂಬಲ್ಲಿ ಟಿಕ್ ಹಾಕಿದ್ದರು, ಇಬ್ಬರು ‘ಮನೆಯ ಕಾರಣ’ ಎಂದಿದ್ದರು, ಒಬ್ಬರು ಏನೂ ಬರೆದಿರಲಿಲ್ಲ. ಮಾಲೀಕರು ಫೈಲು ನೋಡಿ, “ಸಂಬಳಕ್ಕೇ ಹೋಗ್ತಿದ್ದಾರೆ ಅಂದ್ರೆ ನಾವೇನು ಮಾಡೋಕಾಗುತ್ತೆ, ದೊಡ್ಡ ಕಂಪನಿ ಕೊಟ್ಟಷ್ಟು ನಾವು ಕೊಡೋಕಾಗಲ್ಲ” ಅಂದರು. ಮಾತು ಅಲ್ಲಿಗೆ ಮುಗಿಯಿತು.

ನನಗೆ ಮಾತ್ರ ಒಂದು ವಿಷಯ ಕಾಡುತ್ತಿತ್ತು. ಹೋದ 17 ಜನರಲ್ಲಿ 9 ಜನ ಎರಡನೇ ಶಿಫ್ಟಿನವರು. ಸಂಬಳದ ಪಟ್ಟಿ ಎಲ್ಲ ಶಿಫ್ಟಿಗೂ ಒಂದೇ. ಸಂಬಳವೇ ಕಾರಣವಾಗಿದ್ದರೆ ಒಂದೇ ಶಿಫ್ಟಿನಿಂದ ಇಷ್ಟು ಜನ ಯಾಕೆ ಹೋಗಬೇಕು?

ಬಿಟ್ಟು ಮೂರು ತಿಂಗಳಾಗಿದ್ದ ಒಬ್ಬ ಸೆಟ್ಟರ್‌ಗೆ ಫೋನ್ ಮಾಡಿದೆ. ಅವರೂ ಫಾರ್ಮಿನಲ್ಲಿ ಸಂಬಳಕ್ಕೇ ಟಿಕ್ ಹಾಕಿದ್ದವರು. ಹೊಸ ಕಡೆ ಎಷ್ಟು ಸಿಗುತ್ತಿದೆ ಎಂದು ಕೇಳಿದರೆ, ಕೈಗೆ ಬರುವುದು 1,200 ರೂಪಾಯಿ ಜಾಸ್ತಿ, ಆದರೆ ಎರಡು ಬಸ್ ಬದಲಾಯಿಸಬೇಕು ಅಂದರು. ಲೆಕ್ಕ ಹಾಕಿದರೆ ಉಳಿಯುವುದು ಏನೂ ಇಲ್ಲ. ಆಗ ಕೇಳಿದೆ: “ಬಿಡಬೇಕು ಅಂತ ಮೊದಲನೇ ಸಲ ಅನ್ನಿಸಿದ್ದು ಯಾವಾಗ? ಆವತ್ತು ಏನಾಗಿತ್ತು?” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬೇಜಾರು ಮಾಡ್ಕೋಬೇಡಿ ಮೇಡಂ. ತಂಗಿ ನಿಶ್ಚಿತಾರ್ಥಕ್ಕೆ ಎರಡು ದಿನ ರಜ ಕೇಳಿದ್ದೆ, ಚೀಟಿ ಬರೆದು ಕೊಟ್ಟಿದ್ದೆ, ಹೋಗು ಅಂತ ಸೂಪರ್‌ವೈಸರ್ ಹೇಳಿದ್ರು. ಸಂಬಳ ಬಂದಾಗ ನೋಡಿದ್ರೆ ಎರಡು ದಿನದ್ದು ಹಿಡಿದಿದ್ರು, ಅಟೆಂಡೆನ್ಸ್ ಬೋನಸ್ 1,500 ಪೂರ್ತಿ ಹೋಗಿತ್ತು. ಕೇಳಿದ್ರೆ ಮುಂದಿನ ತಿಂಗಳು ನೋಡೋಣ ಅಂದ್ರು. ಮುಂದಿನ ತಿಂಗಳೂ ಬರ್ಲಿಲ್ಲ.”

ಇದೇ ಮನುಷ್ಯ ಕೊನೆಯ ದಿನ ‘ಹೆಚ್ಚಿನ ಸಂಬಳ’ ಎಂದು ಟಿಕ್ ಹಾಕಿದ್ದು ಸುಳ್ಳೇನಲ್ಲ. ದುಡ್ಡಿನ ವಿಷಯವೇ ಅದು. ಆದರೆ ಆ ಟಿಕ್‌ನಿಂದ ನಮಗೆ ಏನೂ ತಿಳಿಯಲಿಲ್ಲ. ಆ ಮೇಲೆ ನಾನು ಕಲಿತದ್ದನ್ನು ಹೋಲಿಸಿ ಇಲ್ಲಿ ಬರೆಯುತ್ತಿದ್ದೇನೆ. 50ರಿಂದ 300 ಜನರಿರುವ ಕಾರ್ಖಾನೆ, ವರ್ಕ್‌ಶಾಪ್, ಚಿಕ್ಕ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವ ಮಾತುಗಳಿವು.

ಯಾವಾಗ ಕೇಳುವುದು: ಮೂರು ದಾರಿ

ಹೆಚ್ಚಿನವರು ಹಿಡಿಯುವುದು ಕೊನೆಯ ದಿನದ ಫಾರ್ಮನ್ನು. ಖರ್ಚಿಲ್ಲ, ಎಲ್ಲರಿಂದಲೂ ಒಂದೇ ಬಗೆಯ ಉತ್ತರ ಸಿಗುತ್ತದೆ, ಎಣಿಸುವುದು ಸುಲಭ. ಆದರೆ ಆ ದಿನ ಅವರ ಸ್ಥಿತಿ ಹೇಗಿರುತ್ತದೆ ನೋಡಿ. ನೋ ಡ್ಯೂಸ್ ಕಾಗದ ಹಿಡಿದು ಸ್ಟೋರ್ಸ್‌ನಲ್ಲಿ ಒಂದು ಸಹಿ, ಟೂಲ್ ರೂಮಿನಲ್ಲಿ ವರ್ನಿಯರ್ ಒಪ್ಪಿಸಿ ಒಂದು ಸಹಿ, ಕ್ಯಾಂಟೀನಿನಲ್ಲಿ ಬಾಕಿ ಕಟ್ಟಿ ಒಂದು ಸಹಿ ಮಾಡಿಸಿಕೊಂಡು ಕೊನೆಗೆ ಎಚ್‌ಆರ್ ಮುಂದೆ ನಿಂತಿರುತ್ತಾರೆ. ಎಕ್ಸಿಟ್ ಫಾರ್ಮ್ ಆ ಕಟ್ಟಿನ ಐದನೇ ಹಾಳೆ. ರಿಲೀವಿಂಗ್ ಲೆಟರ್ ನಮ್ಮ ಕೈಯಲ್ಲಿದೆ, ಬಾಕಿ ಸಂಬಳ ನಮ್ಮ ಕೈಯಲ್ಲಿದೆ, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಬೇಕಾದವರೂ ನಾವೇ. ಇಷ್ಟೆಲ್ಲ ನಮ್ಮ ಹತ್ತಿರ ಇಟ್ಟುಕೊಂಡು “ನಿಮ್ಮ ಸೂಪರ್‌ವೈಸರ್ ಹೇಗೆ?” ಎಂದರೆ “ಒಳ್ಳೆಯವರು” ಎಂದೇ ಬರೆಯುತ್ತಾರೆ. ಅಪಾಯವಿಲ್ಲದ ಉತ್ತರ ಅದೊಂದೇ.

ಎರಡನೆಯದು ನೋಟಿಸ್ ಪಿರಿಯಡ್‌ನ ನಡುವೆ ಕೂತು ಮಾತಾಡುವುದು. ರಾಜೀನಾಮೆ ಕೊಟ್ಟ ಮೊದಲ ನಾಲ್ಕೈದು ದಿನ ಬೇಡ. ಆಗ ಮಾತೆಲ್ಲ ‘ಉಳಿಯುತ್ತೀರಾ, ಎಷ್ಟು ಕೊಟ್ಟರೆ ಉಳಿಯುತ್ತೀರಿ’ ಎಂಬ ಕಡೆಗೇ ಎಳೆಯುತ್ತದೆ. ಕೊನೆಯ ವಾರವೂ ಬೇಡ, ಆಗ ಮನಸ್ಸು ಹೊಸ ಕಡೆಗೆ ಹೋಗಿರುತ್ತದೆ. ಒಂದು ತಿಂಗಳ ನೋಟಿಸ್ ಇದ್ದರೆ ಎರಡನೇ ವಾರದ ಕೊನೆ ಒಳ್ಳೆಯದು. ಈ ಮಾತುಕತೆಯಲ್ಲಿ ಕೆಲಸದ ವಿಷಯ ಚೆನ್ನಾಗಿ ಬರುತ್ತದೆ: ಯಾವ ಮೆಷಿನ್ ಪದೇ ಪದೇ ನಿಲ್ಲುತ್ತದೆ, ಇನ್‌ಸ್ಪೆಕ್ಷನ್‌ನಲ್ಲಿ ಪೀಸು ಎಷ್ಟು ಹೊತ್ತು ಕಾಯುತ್ತದೆ, ತರಬೇತಿ ಯಾರಿಗೆ ಸಿಗಲಿಲ್ಲ. ಜನರ ವಿಷಯ ಅರ್ಧ ಬರುತ್ತದೆ, ಇನ್ನರ್ಧ ಒಳಗೇ ಉಳಿಯುತ್ತದೆ.

ಮೂರನೆಯದು ಬಿಟ್ಟ ಎರಡು ಮೂರು ತಿಂಗಳ ಮೇಲೆ ಫೋನ್. ಅಷ್ಟು ಹೊತ್ತಿಗೆ ಲೆಕ್ಕ ಚುಕ್ತಾ ಆಗಿರುತ್ತದೆ, ಲೆಟರ್ ಕೈಯಲ್ಲಿರುತ್ತದೆ, ಹೆದರುವಂಥದ್ದು ಏನೂ ಉಳಿದಿರುವುದಿಲ್ಲ. ಹೊಸ ಕಡೆಯನ್ನು ಕಣ್ಣಾರೆ ನೋಡಿರುವುದರಿಂದ ಹೋಲಿಸಿ ಹೇಳಬಲ್ಲರು. ಇದರ ತೊಂದರೆ ಏನೆಂದರೆ ಅರ್ಧದಷ್ಟು ಜನ ಫೋನ್ ಎತ್ತುವುದಿಲ್ಲ, ಇನ್ನು ಕೆಲವರು ಸಣ್ಣ ಸಂಗತಿಗಳನ್ನು ಮರೆತಿರುತ್ತಾರೆ. ಆರು ತಿಂಗಳಿಗಿಂತ ತಡ ಮಾಡಿದರೆ ನೆನಪು ಕಥೆಯಾಗಿಬಿಟ್ಟಿರುತ್ತದೆ.

ಹೇಳದೆ ಕೇಳದೆ ಬಿಟ್ಟವರನ್ನು ತಲುಪುವುದೂ ಈ ಮೂರನೇ ದಾರಿಯಿಂದ ಮಾತ್ರ. ಫಾರ್ಮ್ ಅವರ ಕೈಗೆ ಹೋಗುವುದೇ ಇಲ್ಲ. ಬೇಸರ ಹೆಚ್ಚಾಗಿದ್ದಕ್ಕೇ ಅವರು ಹಾಗೆ ಹೋಗಿರುವ ಸಾಧ್ಯತೆ ಇದೆ, ಆದರೂ ನಮ್ಮ ಲೆಕ್ಕದಲ್ಲಿ ಅವರ ಮಾತೇ ಇರುವುದಿಲ್ಲ. ಅವರಿಗೆ ಫೋನ್ ಮಾಡುವಾಗ ಮೊದಲು ಅವರ ಬಾಕಿಯ ಮಾತಾಡಿ: “ನಿಮ್ಮ ಹತ್ತು ದಿನದ ಸಂಬಳ ಇದೆ, ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಹಾಕಿದ್ದೀವಿ.” ಅದಾದ ಮೇಲೆ ಪ್ರಶ್ನೆ.

ನನ್ನ ಆಯ್ಕೆ ಹೀಗೆ. ಒಂದೇ ದಾರಿ ಸಾಧ್ಯ ಎಂದಾದರೆ ಫೋನ್. ಎರಡು ಸಾಧ್ಯವಾದರೆ ನೋಟಿಸ್ ನಡುವಿನ ಮಾತುಕತೆ ಮತ್ತು ಫೋನ್. ಫಾರ್ಮನ್ನು ಹೊಸ ವಿಳಾಸ, ಫೋನ್ ನಂಬರ್ ತೆಗೆದುಕೊಳ್ಳುವುದಕ್ಕಷ್ಟೇ ಇಟ್ಟುಕೊಳ್ಳಿ. “ಎರಡು ಮೂರು ತಿಂಗಳ ಮೇಲೆ ಒಂದು ಸಲ ಫೋನ್ ಮಾಡಬಹುದಾ?” ಎಂದು ಆ ಫಾರ್ಮಿನಲ್ಲೇ ಒಪ್ಪಿಗೆ ಕೇಳಿ.

ಯಾವ ದಾರಿ ಹಿಡಿದರೂ ಮಾತುಕತೆಗೂ ಲೆಕ್ಕ ಚುಕ್ತಾಗೂ ಸಂಬಂಧ ಇರಬಾರದು. ‘ಎಕ್ಸಿಟ್ ಇಂಟರ್‌ವ್ಯೂ ಮುಗಿದ ಮೇಲೆಯೇ ಫುಲ್ ಅಂಡ್ ಫೈನಲ್’ ಎಂಬ ನಿಯಮ ಎಷ್ಟೋ ಕಡೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು. ಕಾನೂನನ್ನು ಬದಿಗಿಟ್ಟರೂ, ಹಣ ತಡೆದಿಟ್ಟು ಕೇಳಿದ ಪ್ರಶ್ನೆಗೆ ಬರುವ ಉತ್ತರ ಯಾವ ಕೆಲಸಕ್ಕೂ ಬರುವುದಿಲ್ಲ.

ಯಾರು ಕೇಳುವುದು

ನೇರ ಸೂಪರ್‌ವೈಸರ್ ಖಂಡಿತ ಬೇಡ. ಚಿಕ್ಕ ಕಂಪನಿಗಳಲ್ಲಿ ಮಾಲೀಕರೇ ಕರೆದು ಕೂರಿಸಿಕೊಳ್ಳುವುದುಂಟು. ಅವರಲ್ಲಿ ಕಾಳಜಿ ಇರುತ್ತದೆ, ಆದರೆ ತಾವು ಕಟ್ಟಿದ ಸಂಸ್ಥೆಯ ಬಗ್ಗೆ ದೂರು ಕೇಳಿ ಸುಮ್ಮನಿರುವುದು ಕಷ್ಟ. ಮೂರನೇ ಮಾತಿಗೇ “ಹಾಗಲ್ಲ, ನಾವು ಹೀಗೆ ಮಾಡಿದ್ದು ಯಾಕೆ ಅಂದ್ರೆ...” ಎಂದು ಶುರುವಾಗುತ್ತದೆ. ಎದುರಿಗೆ ಕೂತವರು ಅಲ್ಲಿಂದ ಮುಂದೆ ತಲೆಯಾಡಿಸುತ್ತಾರೆ ಅಷ್ಟೆ.

ಎಚ್‌ಆರ್ ಕೇಳಿದರೆ ರಜೆ, ಸಂಬಳ, ಬಸ್ಸು, ಕ್ಯಾಂಟೀನ್ ವಿಷಯಗಳು ತಕ್ಕಮಟ್ಟಿಗೆ ಬರುತ್ತವೆ. ಆದರೆ ಎಚ್‌ಆರ್‌ ಮೇಲೇ ಬೇಸರವಿದ್ದರೆ ಬರುವುದಿಲ್ಲ. ಮೇಲಿನ ಪ್ರಸಂಗದಲ್ಲಿ ಸಂಬಳ ಹಿಡಿದ ವಿಭಾಗ ನಮ್ಮದೇ, ಆ ಸೆಟ್ಟರ್ ನೋಟಿಸ್ ಕಾಲದಲ್ಲಿ ನನ್ನ ಮುಂದೆ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಅರ್ಥವಾಗುವಂಥದ್ದೇ. ಹೊರಗಿನವರಿಗೆ ದುಡ್ಡು ಕೊಟ್ಟು ಕೇಳಿಸುವುದು ದೊಡ್ಡ ಕಂಪನಿಗಳಿಗೆ ಸರಿಹೋಗುತ್ತದೆ. ನಮ್ಮಂಥ ಕಡೆ ಬೇರೆ ವಿಭಾಗದ ಒಬ್ಬ ಹಿರಿಯರು ಸಾಕು. ಪ್ರೊಡಕ್ಷನ್‌ನವರು ಬಿಟ್ಟರೆ ಕ್ವಾಲಿಟಿಯ ಹಿರಿಯರು ಮಾತಾಡಲಿ, ಆಫೀಸಿನವರು ಬಿಟ್ಟರೆ ಸ್ಟೋರ್ಸ್‌ನವರು. ಕೆಲಸದ ಭಾಷೆ ಗೊತ್ತಿರಬೇಕು, ಬಿಡುವವರ ಮೇಲೆ ಅಧಿಕಾರ ಇರಬಾರದು. ನೋಡಬೇಕಾದದ್ದು ಇವೆರಡನ್ನೇ.

ಯಾವ ಪ್ರಶ್ನೆಯ ಬದಲು ಯಾವ ಪ್ರಶ್ನೆ

“ಯಾಕೆ ಬಿಡ್ತಿದ್ದೀರಿ?” ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಎಲ್ಲರ ಹತ್ತಿರವೂ ಸಿದ್ಧ ಉತ್ತರವಿದೆ: ಸಂಬಳ, ಮನೆ ಕಡೆ ತೊಂದರೆ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ರಾಜೀನಾಮೆ ಪತ್ರದಲ್ಲಿ ಬರೆದದ್ದನ್ನೇ ಬಾಯಲ್ಲಿ ಹೇಳುತ್ತಾರೆ. ಅದರ ಬದಲು “ಮೊದಲು ಅನ್ನಿಸಿದ್ದು ಯಾವಾಗ, ಆವತ್ತು ಏನಾಗಿತ್ತು?” ಎಂದು ಕೇಳಿದರೆ ಕಾರಣದ ಜಾಗದಲ್ಲಿ ಒಂದು ಘಟನೆ ಬರುತ್ತದೆ. ಘಟನೆಗೆ ದಿನಾಂಕ ಇರುತ್ತದೆ, ಅಲ್ಲಿದ್ದ ಜನ ಇರುತ್ತಾರೆ, ರಿಜಿಸ್ಟರ್‌ನಲ್ಲೋ ಪೇ ಸ್ಲಿಪ್ಪಿನಲ್ಲೋ ಗುರುತು ಇರುತ್ತದೆ. ಪರೀಕ್ಷೆ ಮಾಡಿ ನೋಡಬಹುದಾದ ಉತ್ತರ ಸಿಗುವುದು ಈ ಪ್ರಶ್ನೆಗೆ.

ಅದರ ಬೆನ್ನಿಗೇ ಇನ್ನೊಂದು: “ಅದನ್ನ ಯಾರಿಗಾದರೂ ಹೇಳಿದ್ರಾ? ಅವರು ಏನು ಮಾಡಿದ್ರು?” ಹೇಳಿದ್ದರೂ ಏನೂ ಆಗಲಿಲ್ಲ ಎಂದರೆ ತೊಂದರೆ ಇರುವುದು ಕೇಳಿಸಿಕೊಂಡವರ ಹತ್ತಿರ. ಯಾರಿಗೂ ಹೇಳಲೇ ಇಲ್ಲ ಎಂದರೆ, ಹೇಳುವುದಕ್ಕೆ ಜಾಗವೇ ಇಲ್ಲ ಎಂದರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

“ಹೊಸ ಕೆಲಸ ನೀವಾಗಿ ಹುಡುಕಿದ್ರಾ, ಅವರಾಗಿ ಕರೆದ್ರಾ?” ಇದು ಚಿಕ್ಕ ಪ್ರಶ್ನೆ. ಅವರೇ ಕರೆದು ಹೋಗಿದ್ದರೆ ಸಂಬಳದ ಮಾತು ಬಹಳ ಸಲ ನಿಜವೇ. ತಾವೇ ಹುಡುಕಿದ್ದರೆ ಹುಡುಕಲು ಶುರುಮಾಡಿಸಿದ್ದು ಏನೋ ಇದೆ, ಅದನ್ನು ಕೆದಕಬೇಕು.

ಸೂಪರ್‌ವೈಸರ್ ಬಗ್ಗೆ ‘1ರಿಂದ 5ರೊಳಗೆ ಅಂಕ ಕೊಡಿ’ ಎಂದರೆ ಎಲ್ಲರೂ 4 ಕೊಡುತ್ತಾರೆ. ಅದರ ಬದಲು ನಾನು ಕೇಳುವುದು: “ನಿಮ್ಮ ಜಾಗಕ್ಕೆ ನಾಳೆ ನಿಮ್ಮ ತಮ್ಮನೇ ಬರ್ತಾನೆ ಅಂತ ಇಟ್ಕೊಳ್ಳಿ. ಅವನಿಗೆ ಏನೇನು ಹೇಳಿ ಕಳಿಸ್ತೀರಿ?” ಸ್ವಂತ ದೂರು ಹೇಳಲು ಹಿಂಜರಿಯುವವರೂ ತಮ್ಮನಿಗೆ ಬುದ್ಧಿ ಹೇಳಲು ಹಿಂಜರಿಯುವುದಿಲ್ಲ. “ಚೀಟಿ ಕೊಟ್ರೆ ಒಂದು ಫೋಟೋ ತಕ್ಕೊಂಡಿಟ್ಕೋ ಅಂತೀನಿ” ಎಂದು ಒಬ್ಬರು ಆಪರೇಟರ್ ಹೇಳಿದರು. ರಜೆ ಚೀಟಿಗಳ ಗತಿ ಏನಾಗುತ್ತಿದೆ ಎಂದು ನನಗೆ ಹೇಳಿದ ಎರಡನೇ ಮಾತು ಅದು.

ಕೇಳಬಾರದ ಪ್ರಶ್ನೆಗಳೂ ಇವೆ. “ಇನ್ನೂ ಯಾರ್ಯಾರು ಬಿಡೋ ಯೋಚನೆಯಲ್ಲಿದ್ದಾರೆ?” ಎಂದು ಕೇಳಿದ ಕ್ಷಣ ನೀವು ಗೂಢಚಾರಿಕೆ ಮಾಡುತ್ತಿದ್ದೀರಿ ಎಂದಾಗುತ್ತದೆ, ಆ ಸುದ್ದಿ ಸಂಜೆಯೊಳಗೆ ಶಾಪ್ ಫ್ಲೋರಿಗೆ ಹೋಗುತ್ತದೆ. “ಸಂಬಳ ಜಾಸ್ತಿ ಮಾಡಿದ್ರೆ ಉಳೀತೀರಾ?” ಎಂಬುದು ಚೌಕಾಸಿ, ಅದಕ್ಕೆ ಬೇರೆ ದಿನ ಬೇರೆ ಜನ ಇರಲಿ. ಹೆಣ್ಣುಮಕ್ಕಳ ಹತ್ತಿರ ಮದುವೆ, ಮಗು ಎಂದು ನೀವಾಗಿ ಎತ್ತಬೇಡಿ. ಅವರ ಬಾಯಿಗೆ ನೀವೇ ಒಂದು ಕಾರಣ ಕೊಟ್ಟಂತಾಗುತ್ತದೆ, ನಿಜವಾದದ್ದು ಒಳಗೇ ಉಳಿದುಹೋಗುತ್ತದೆ.

ಮಾತು ಶುರುವಾಗುವ ಮೊದಲು ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡಬೇಕು. “ನೀವು ಹೇಳಿದ್ದು ಯಾರಿಗೂ ಗೊತ್ತಾಗಲ್ಲ” ಎಂದು ಭರವಸೆ ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗದ ಸಂದರ್ಭ ಬರುತ್ತದೆ. ಯಾರಾದರೂ ಲೈಂಗಿಕ ಕಿರುಕುಳದ ವಿಷಯ ಹೇಳಿದರೆ ಅದನ್ನು ಎಕ್ಸಿಟ್ ಇಂಟರ್‌ವ್ಯೂ ಟಿಪ್ಪಣಿಯಲ್ಲಿ ಬರೆದು ಮುಚ್ಚಿಡುವಂತಿಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಬಹುದು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಆಗದಿದ್ದರೆ ಬರೆಯಲು ನೆರವಾಗುವುದೂ ಸಮಿತಿಯದೇ ಕೆಲಸ. ಕೆಲಸ ಬಿಟ್ಟ ಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ ಎಂದು ಅವರಿಗೆ ಅಲ್ಲೇ ತಿಳಿಸಿ, ಸಮಿತಿಯವರ ಸಂಪರ್ಕ ಅಲ್ಲೇ ಕೊಡಿ. ಫೋನ್ ಮಾಡುವುದು ಎರಡು ಮೂರು ತಿಂಗಳ ಮೇಲಾದ್ದರಿಂದ ದಿನಗಳ ಲೆಕ್ಕ ಇಲ್ಲಿ ಮುಖ್ಯವಾಗುತ್ತದೆ. ನೋಟಿಸ್ ನಡುವಿನ ಮಾತುಕತೆಯನ್ನು ಬಿಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಉತ್ತರಗಳನ್ನು ಏನು ಮಾಡುವುದು

ಹೆಚ್ಚಿನ ಕಡೆ ಕೆಡುವುದು ಬರೆದಿಡುವ ಹೊತ್ತಿಗೆ. “ಚೀಟಿ ಕೊಟ್ಟಿದ್ದೆ, ಆದ್ರೂ ಹಿಡಿದ್ರು” ಎಂದು ಅವರು ಹೇಳುತ್ತಾರೆ. ಕಂಪ್ಯೂಟರ್ ಪಟ್ಟಿಯಲ್ಲಿ ಅದು ‘ವೇತನ ಸಂಬಂಧಿ’ ಎಂದಾಗುತ್ತದೆ. ಚೀಟಿ ಮಾಯವಾಯಿತು, ಉಳಿದದ್ದು ಸಂಬಳ. ಆದ್ದರಿಂದ ಅವರ ಮಾತನ್ನು ಅವರ ಮಾತಿನಲ್ಲೇ, ಅವರ ಭಾಷೆಯಲ್ಲೇ ಬರೆದಿಡಿ. ವರ್ಗೀಕರಣ ಆಮೇಲೆ.

ನಾನು ಮೂರು ಕಾಲಂ ಹಾಕಿಕೊಳ್ಳುತ್ತೇನೆ. ಅವರು ಹೇಳಿದ್ದು ಏನು, ಅದು ನಿಜವೋ ಎಂದು ಯಾವ ದಾಖಲೆಯಲ್ಲಿ ನೋಡಬಹುದು, ಸರಿಪಡಿಸುವ ಅಧಿಕಾರ ಯಾರಿಗಿದೆ. ಎರಡನೇ ಕಾಲಂ ಖಾಲಿ ಉಳಿದರೆ ಅದು ಸದ್ಯಕ್ಕೆ ಕೇಳಿದ ಮಾತು ಅಷ್ಟೆ. ಸಂಬಂಧವಿಲ್ಲದ ಇನ್ನೊಬ್ಬರೂ ಅದನ್ನೇ ಹೇಳುವವರೆಗೆ ಅದರ ಮೇಲೆ ಯಾರನ್ನೂ ಕರೆದು ಕೇಳಬಾರದು. ಒಬ್ಬರ ಮಾತು ಕೇಳಿ ಒಬ್ಬ ಸೂಪರ್‌ವೈಸರ್ ಮೇಲೆ ಹಾರಿದರೆ ಆ ಅನ್ಯಾಯಕ್ಕೆ ನಾವೇ ಹೊಣೆ.

ನಮ್ಮಲ್ಲಿ ಎರಡನೇ ಕಾಲಂ ತುಂಬಿತು. ಎರಡನೇ ಶಿಫ್ಟ್‌ನಿಂದ ಬಿಟ್ಟ 9 ಜನರ ಕೊನೆಯ ಆರು ತಿಂಗಳ ಪೇ ಸ್ಲಿಪ್ ತೆಗೆದೆ. 6 ಜನರಿಗೆ ಒಂದಲ್ಲ ಒಂದು ತಿಂಗಳು ಅಟೆಂಡೆನ್ಸ್ ಬೋನಸ್ ತಪ್ಪಿತ್ತು. ಇಷ್ಟಕ್ಕೇ ‘ಸಿಕ್ಕಿತು’ ಎಂದುಕೊಳ್ಳಬಾರದು. ಬೋನಸ್ ಎಲ್ಲರಿಗೂ ಆಗಾಗ ತಪ್ಪುತ್ತಲೇ ಇರಬಹುದು, ಬಿಟ್ಟವರಲ್ಲಿ ಮಾತ್ರ ನೋಡಿದರೆ ಏನು ಗೊತ್ತಾಗುತ್ತದೆ? ಹಾಗಾಗಿ ಅದೇ ಶಿಫ್ಟಿನಲ್ಲಿ ಉಳಿದಿದ್ದ 31 ಜನರದ್ದೂ ತೆಗೆದೆ. ಅಲ್ಲಿ ತಪ್ಪಿದ್ದು 7 ಜನರಿಗೆ. ಬಿಟ್ಟವರಲ್ಲಿ ಮೂವರಲ್ಲಿ ಇಬ್ಬರು, ಉಳಿದವರಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು. ಬಿಟ್ಟವರನ್ನು ಉಳಿದವರ ಜೊತೆ ಹೋಲಿಸದೆ ಎಕ್ಸಿಟ್ ಇಂಟರ್‌ವ್ಯೂನಿಂದ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಲೆಕ್ಕ ದೊಡ್ಡದೇನಲ್ಲ, ಒಂದು ಮಧ್ಯಾಹ್ನದ ಕೆಲಸ.

ಆಮೇಲೆ ಸೂಪರ್‌ವೈಸರ್ ಹತ್ತಿರ ಹೋದೆ, ಯಾರ ಹೆಸರನ್ನೂ ಹೇಳದೆ. “ರಜೆ ಚೀಟಿ ಬಂದರೆ ಏನು ಮಾಡ್ತೀರಿ, ತೋರಿಸಿ” ಅಂದೆ. ಅವರು ಮೇಜಿನ ಡ್ರಾಯರ್ ಎಳೆದರು. ಇನ್‌ಸರ್ಟ್ ಡಬ್ಬಿಗಳ ಕೆಳಗೆ ಹನ್ನೊಂದು ಚೀಟಿ ಇದ್ದವು, ಎಲ್ಲಕ್ಕೂ ಅವರ ಸಹಿ ಆಗಿತ್ತು. ಕೆಲವಕ್ಕೆ ಕೂಲೆಂಟ್ ಎಣ್ಣೆ ಹತ್ತಿತ್ತು. ಎರಡನೇ ಶಿಫ್ಟ್ ಶುರುವಾಗುವುದು 2 ಗಂಟೆಗೆ, ನಮ್ಮ ಆಫೀಸು ಮುಚ್ಚುವುದು 5:30ಕ್ಕೆ. ಸೆಟ್ಟರ್‌ಗಳು ಕಡಿಮೆ ಇದ್ದುದರಿಂದ ಆ ಮೂರೂವರೆ ಗಂಟೆ ಅವರೇ ಮೆಷಿನ್ ಸೆಟ್ ಮಾಡುತ್ತಿದ್ದರು. ಚೀಟಿ ಹಿಡಿದು ಮೇಲೆ ಹತ್ತಿ ಬರಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಹಾಜರಿ ಲೆಕ್ಕ ಪ್ರತಿ ತಿಂಗಳು 25ಕ್ಕೆ ಮುಗಿಯುತ್ತಿತ್ತು. ಆ ದಿನದೊಳಗೆ ಮೇಲೆ ಬಾರದ ಚೀಟಿ ಗೈರುಹಾಜರಿ ಎಂದೇ ಲೆಕ್ಕವಾಗುತ್ತಿತ್ತು. ಬಿಟ್ಟುಹೋದ ಸೆಟ್ಟರ್‌ಗಳ ಕೆಲಸ ಅವರ ತಲೆಗೆ ಬಂದಷ್ಟೂ ಚೀಟಿ ಡ್ರಾಯರ್‌ನಲ್ಲಿ ಉಳಿಯುತ್ತಿತ್ತು, ಚೀಟಿ ಉಳಿದಷ್ಟೂ ಇನ್ನೊಬ್ಬರು ಬಿಡುತ್ತಿದ್ದರು.

ಫೋನಿನಲ್ಲಿ ಕೇಳಿದ್ದನ್ನೇ ಹಿಡಿದು ಸೂಪರ್‌ವೈಸರ್‌ಗೆ ಮೆಮೊ ಕೊಟ್ಟಿದ್ದರೆ ಇದು ಯಾವುದೂ ಹೊರಗೆ ಬರುತ್ತಿರಲಿಲ್ಲ. ಗೇಟಿನ ಹತ್ತಿರ ರಜೆ ಚೀಟಿಗೆ ಬೀಗ ಹಾಕಿದ ಒಂದು ಡಬ್ಬಿ ಇಟ್ಟೆವು. ಚೀಟಿಗೆ ಕಾರ್ಬನ್ ಪ್ರತಿ ಬಂತು, ಒಂದು ಪ್ರತಿ ಬರೆದವರ ಕೈಯಲ್ಲೇ ಉಳಿಯುತ್ತದೆ. 26ಕ್ಕೆ ಕಡಿತದ ಪಟ್ಟಿಯನ್ನು ಶಿಫ್ಟಿಗೆ ಹಾಕಿ, ಎರಡು ದಿನ ಆಕ್ಷೇಪಣೆಗೆ ಬಿಟ್ಟು, ಆಮೇಲೆ ಸಂಬಳ. ಮುಂದಿನ ವರ್ಷ ಎರಡನೇ ಶಿಫ್ಟಿನಿಂದ ಬಿಟ್ಟವರು ನಾಲ್ವರು. ಆ ವರ್ಷ ಹೊರಗೆ ಆರ್ಡರ್‌ಗಳೂ ಕಡಿಮೆ ಇದ್ದವು, ಬೇರೆ ಕಡೆ ಕೆಲಸ ಸಿಗುವುದೇ ಕಷ್ಟವಿತ್ತು, ಆದ್ದರಿಂದ ಪೂರ್ತಿ ಡಬ್ಬಿಯಿಂದಲೇ ಆಯಿತು ಎಂದು ನಾನು ಹೇಳಲಾರೆ. ಆದರೆ ಬೋನಸ್ ತಪ್ಪಿದ ದೂರು ಮಾತ್ರ ನಿಂತೇ ಹೋಯಿತು.

ಮೇಲಿನವರಿಗೆ ವರದಿ ಕೊಡುವಾಗ ಒಂದು ಎಚ್ಚರ ಬೇಕು. ಚಿಕ್ಕ ಜಾಗದಲ್ಲಿ ಹೆಸರು ತೆಗೆದರೂ ಗುರುತು ಉಳಿಯುತ್ತದೆ. ಟೂಲ್ ರೂಮಿನಿಂದ ಆ ವರ್ಷ ಬಿಟ್ಟದ್ದು ಒಬ್ಬರೇ ಎಂದಾದರೆ ‘ಟೂಲ್ ರೂಮಿನ ಒಬ್ಬ ನೌಕರರು ಹೇಳಿದ್ದು’ ಎಂದು ಬರೆದರೆ ಹೆಸರೇ ಬರೆದಂತೆ. ನಾಲ್ಕೈದು ಜನರ ಮಾತು ಸೇರುವವರೆಗೆ ವಿಭಾಗದ ಹೆಸರು ಹಾಕದೆ ಇಡೀ ಕಂಪನಿಯ ಲೆಕ್ಕದಲ್ಲಿ ಸೇರಿಸಿ. ವರದಿಯನ್ನು ತಿಂಗಳಿಗೊಮ್ಮೆ ಕೊಡುವ ಬದಲು ಆರು ತಿಂಗಳಿಗೊಮ್ಮೆ ಕೊಟ್ಟರೆ ಇದು ತಾನಾಗಿ ಸರಿಹೋಗುತ್ತದೆ. ತುರ್ತಾಗಿ ಮೇಲೆ ಹೋಗಬೇಕಾದದ್ದು ಸುರಕ್ಷತೆಯ ಮಾತು ಮತ್ತು ಕಿರುಕುಳದ ಮಾತು ಮಾತ್ರ. ಗಾರ್ಡ್ ತೆಗೆದ ಪ್ರೆಸ್ ಮೆಷಿನ್ ಬಗ್ಗೆ ಯಾರಾದರೂ ಹೇಳಿದರೆ ಅವತ್ತೇ ಹೋಗಿ ನೋಡಬೇಕು.

ಬೋನಸ್ ತಪ್ಪಿದ ಹದಿಮೂರು ಜನರ ಕಡಿತವನ್ನು ಡ್ರಾಯರ್‌ನಲ್ಲಿದ್ದ ಚೀಟಿಗಳಿಗೂ ಹಾಜರಿ ಪುಸ್ತಕಕ್ಕೂ ತಾಳೆ ಹಾಕಿ, ತಪ್ಪಾಗಿ ಹಿಡಿದದ್ದನ್ನೆಲ್ಲ ವಾಪಸ್ ಕೊಡಿಸಿದೆವು, ಬಿಟ್ಟು ಹೋದವರಿಗೂ. ಆ ಸೆಟ್ಟರ್‌ಗೆ ಮತ್ತೆ ಫೋನ್ ಮಾಡಿ, ಎರಡು ದಿನದ ಸಂಬಳ ಮತ್ತು 1,500 ಅವರ ಖಾತೆಗೆ ಹಾಕಿದ್ದೇವೆ, ಚೀಟಿಗೆ ಈಗ ಡಬ್ಬಿ ಇಟ್ಟಿದ್ದೇವೆ ಎಂದು ಹೇಳಿದೆ. “ಡಬ್ಬಿ ಕೀಲಿ ಯಾರ ಹತ್ರ ಇದೆ ಮೇಡಂ?” ಅಂತ ಕೇಳಿದರು. ನನ್ನ ಹತ್ತಿರ ಅಂದೆ. “ಇನ್ನೊಂದು ಕೀಲಿ ಎರಡನೇ ಶಿಫ್ಟ್ ಸೆಕ್ಯುರಿಟಿ ಹತ್ರ ಕೊಡಿ, ನೀವು ರಜ ಹಾಕಿದ ದಿನ ಮತ್ತೆ ಅದೇ ಆಗುತ್ತೆ” ಅಂದರು. ಮರುದಿನವೇ ಎರಡನೇ ಕೀಲಿ ಮಾಡಿಸಿದೆ.